ಲೀಡ್ ಕಾಂಪೆನ್ಸೇಟರ್: 5 ಡಿಗ್ರಿ ಸಾಕಾಗದ ಸಂಜೆ

ನಮ್ಮ ಲ್ಯಾಬಿನಲ್ಲಿ ಫೈನಲ್ ಇಯರ್ ಹುಡುಗರದ್ದೊಂದು ಪ್ರಾಜೆಕ್ಟ್ ಇತ್ತು. ಡಿಸಿ ಮೋಟಾರಿನ ಮೇಲೆ ಕ್ಯಾಮೆರಾ ಕೂರಿಸಿದ್ದರು, ಎದುರಿಗೆ ವಸ್ತು ಹೋದ ಕಡೆಗೆಲ್ಲ ಅದು ತಿರುಗಬೇಕು. ವಸ್ತು ಸೆಕೆಂಡಿಗೆ 1 ರೇಡಿಯನ್ ವೇಗದಲ್ಲಿ ಸಾಗಿದರೂ ಕ್ಯಾಮೆರಾ 0.05 ರೇಡಿಯನ್, ಅಂದ್ರೆ ಸುಮಾರು 3 ಡಿಗ್ರಿಗಿಂತ ಹಿಂದೆ ಬೀಳಬಾರದು. ಫೇಸ್ ಮಾರ್ಜಿನ್, ಅಂದ್ರೆ ಲೂಪ್ ಅಸ್ಥಿರವಾಗುವ ಮುನ್ನ ಉಳಿದಿರುವ ಫೇಸಿನ ಅಂತರ, 50 ಡಿಗ್ರಿ ಇರಬೇಕು. ಆ ಸಂಜೆ ಹುಡುಗರ ಜೊತೆ ನಾನೂ ಕೂತೆ.

ಮೊದಲ ಷರತ್ತೇ ಗೇನನ್ನು ಕಟ್ಟಿಹಾಕುತ್ತದೆ. 1ನ್ನು 0.05ರಿಂದ ಭಾಗಿಸಿದರೆ 20, ಅದೇ ನಮಗೆ ಬೇಕಾದ ವೇಗದ ಸ್ಥಿರಾಂಕ Kv. ಅವರ ಮೋಟಾರಿನ ಮಾದರಿ K/(s(0.2s+1)), ಹಾಗಾಗಿ K = 20. ಇನ್ನು ಅದನ್ನು ಮುಟ್ಟುವ ಹಾಗಿಲ್ಲ. ಗೇನ್ ಇಳಿಸಿದರೆ ಅಲುಗಾಟ ಕಡಿಮೆ ಆಗುತ್ತೆ ನಿಜ, ಆದರೆ ಕ್ಯಾಮೆರಾ ಹಿಂದೆ ಬೀಳುತ್ತದೆ.

ಈ ಗೇನಿನಲ್ಲಿ ಬೋಡೆ ಪ್ಲಾಟ್ ನೋಡಿದರೆ ಕ್ರಾಸ್‌ಓವರ್, ಅಂದ್ರೆ ಲೂಪಿನ ಗೇನ್ 1ಕ್ಕೆ ಇಳಿಯುವ ಜಾಗ, 9.4 ರೇಡಿಯನ್/ಸೆಕೆಂಡಿನಲ್ಲಿ, ಫೇಸ್ ಮಾರ್ಜಿನ್ ಬರೀ 28 ಡಿಗ್ರಿ. ಸ್ಟೆಪ್ ಕೊಟ್ಟರೆ ಲೆಕ್ಕದ ಪ್ರಕಾರ 44% ಓವರ್‌ಶೂಟ್. ಕ್ಯಾಮೆರಾ ಗುರಿ ದಾಟಿ, ವಾಪಸ್ ಬಂದು, ಮತ್ತೆ ದಾಟುತ್ತಿತ್ತು.

50ಕ್ಕೆ ಇನ್ನೂ 22 ಬೇಕು. ಹುಡುಗಿಯೊಬ್ಬಳು ಪುಸ್ತಕದ ರೂಢಿಯಂತೆ 5 ಡಿಗ್ರಿ ಜಾಸ್ತಿ ಸೇರಿಸಿ, 27 ಡಿಗ್ರಿ ಫೇಸ್ ಕೊಡುವ ಲೀಡ್ ಕಾಂಪೆನ್ಸೇಟರ್ ಹಾಕಿದ್ದಳು. ಮಾರ್ಜಿನ್ ಬಂದದ್ದು 49.1. "ಸರ್, ಲೆಕ್ಕ ಎಲ್ಲೂ ತಪ್ಪಿಲ್ಲ, ಆದ್ರೂ ಯಾಕೆ ಬರ್ತಿಲ್ಲ?" ಅಂದಳು. ಲೆಕ್ಕ ನಿಜಕ್ಕೂ ತಪ್ಪಿರಲಿಲ್ಲ. ಲೀಡ್ ಫೇಸ್ ಕೊಡುವಾಗ ಗೇನನ್ನೂ ಏರಿಸುತ್ತದೆ, ಅದರಿಂದ ಕ್ರಾಸ್‌ಓವರ್ 9.4ರಿಂದ 12.3ಕ್ಕೆ ಸರಿಯಿತು, ಅಲ್ಲಿ ಮೋಟಾರಿನ ಸ್ವಂತ ಫೇಸ್ ಇನ್ನೂ ಸುಮಾರು 6 ಡಿಗ್ರಿ ಕುಸಿದಿರುತ್ತದೆ. ಜಾಸ್ತಿ ಇಟ್ಟಿದ್ದ 5 ಡಿಗ್ರಿ ಅದಕ್ಕೇ ಹೋಯ್ತು, ಮೇಲೆ ಸ್ವಲ್ಪ ಕೊರತೆಯೂ ಬಿತ್ತು. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಂಡ ಹಾಗೆ.

ಹಾಗಂತ ಸುಮ್ನೆ 60 ಡಿಗ್ರಿ ಕೇಳಬಾರದು. ಲೀಡ್ ದೊಡ್ಡದಾದಷ್ಟೂ ಕ್ರಾಸ್‌ಓವರ್ ಇನ್ನೂ ಮುಂದಕ್ಕೆ ಹೋಗುತ್ತದೆ, ಸೆನ್ಸರಿನ ಗದ್ದಲವೂ ಇನ್ನಷ್ಟು ಹಿಗ್ಗುತ್ತದೆ. ನಾವು 30 ತೆಗೆದುಕೊಂಡೆವು. ಆಗ ಪೋಲ್ ಮತ್ತು ಜೀರೋ ನಡುವಿನ ಅನುಪಾತ ಸರಿಯಾಗಿ 3. ಲೀಡ್ ತನ್ನ ನಡುವಿನಲ್ಲಿ ಗೇನನ್ನು √3 ಪಟ್ಟು ಏರಿಸುವುದರಿಂದ, ಮೋಟಾರಿನ ಗೇನ್ 1/√3ಕ್ಕೆ ಇಳಿಯುವ ಜಾಗ ಹುಡುಕಿದರೆ ಹೊಸ ಕ್ರಾಸ್‌ಓವರ್ 12.7 ಸಿಗುತ್ತದೆ. ಅದನ್ನು √3ರಿಂದ ಭಾಗಿಸಿದರೆ ಜೀರೋ, ಗುಣಿಸಿದರೆ ಪೋಲ್.

```
s = tf('s');
G = 20/(s*(0.2*s+1));
C = (1+s/7.33)/(1+s/22);
[gm, pm, wcg, wcp] = margin(C*G)
```

pm 51.5 ಬಂತು.

ಇಷ್ಟಾದ ಮೇಲೆ ಇನ್ನೊಬ್ಬ ಹುಡುಗ ಅದನ್ನೇ (s+7.33)/(s+22) ಅಂತ ಬರೆದು ಕಂಟ್ರೋಲರಿಗೆ ಹಾಕಿದ. ನೋಡಲು ಒಂದೇ ಥರ, ಆದರೆ s = 0 ಇಟ್ಟು ನೋಡಿ: ಬೆಲೆ 1 ಅಲ್ಲ, ಮೂರನೇ ಒಂದು. Kv 20ರಿಂದ 6.7ಕ್ಕೆ ಬಿತ್ತು. ಸ್ಟೆಪ್ ನೋಡಿದರೆ ಇದು ಗೊತ್ತೇ ಆಗಲ್ಲ, ಕ್ಯಾಮೆರಾ ನಿಧಾನವಾಗಿ, ಚಂದವಾಗಿ ಬಂದು ನಿಲ್ಲುತ್ತದೆ. ರ‍್ಯಾಂಪ್, ಅಂದ್ರೆ ಒಂದೇ ವೇಗದಲ್ಲಿ ಸಾಗುವ ಗುರಿ, ಕೊಟ್ಟಾಗಲೇ ಬಣ್ಣ ಬಯಲಾಗೋದು: ಹಿಂದೆ ಬಿದ್ದದ್ದು 0.05 ಅಲ್ಲ, 0.15. ಅದನ್ನು 3ರಿಂದ ಗುಣಿಸಿದ ಮೇಲೆ ಸರಿಯಾಯಿತು. ನನ್ನ ಪ್ರಕಾರ ಯಾವುದೇ ಲೀಡ್ ಕಾಂಪೆನ್ಸೇಟರ್ ಆಗಲಿ, ಮೊದಲು ನೋಡಬೇಕಾದ್ದು ರ‍್ಯಾಂಪ್.

ಇಷ್ಟೆಲ್ಲ ಆದರೂ ಹಾರ್ಡ್‌ವೇರ್ ಸಿಮ್ಯುಲೇಷನ್‌ಗಿಂತ ಜಾಸ್ತಿ ಅಲುಗಾಡುತ್ತಿತ್ತು. ಕೋಡ್ 10 ಮಿಲಿಸೆಕೆಂಡಿಗೊಮ್ಮೆ ಓಡುತ್ತಿತ್ತು, ಲೆಕ್ಕ ಹಾಕಿದ ಔಟ್‌ಪುಟ್ ಹೊರಗೆ ಹೋಗುತ್ತಿದ್ದದ್ದು ಮುಂದಿನ ಸುತ್ತಿನಲ್ಲಿ. ಆ ಒಂದು ಸುತ್ತಿನ ತಡ, ಜೊತೆಗೆ ಔಟ್‌ಪುಟ್ ಹಿಡಿದಿಡುವುದರಿಂದ ಬರುವ ಅರ್ಧ ಸುತ್ತು, ಒಟ್ಟು 15 ಮಿಲಿಸೆಕೆಂಡ್. 12.7ರಲ್ಲಿ ಇದು 10.9 ಡಿಗ್ರಿ ನುಂಗುತ್ತದೆ. ಕಷ್ಟಪಟ್ಟು ಗಳಿಸಿದ್ದರಲ್ಲಿ ಉಳಿದದ್ದು 40 ಚಿಲ್ಲರೆ ಅಷ್ಟೇ. ಲೂಪನ್ನು 1 ಮಿಲಿಸೆಕೆಂಡಿಗೆ ಇಳಿಸಿದೆವು, ಫಿಲ್ಟರಿನ ಅಂಕಿಗಳನ್ನೂ ಹೊಸ ಸಮಯಕ್ಕೆ ತಕ್ಕಂತೆ ಬದಲಿಸಿದೆವು. ಈಗ ನಷ್ಟ 1.1 ಡಿಗ್ರಿ ಮಾತ್ರ, ಮಾರ್ಜಿನ್ 50ರ ಮೇಲೇ ನಿಂತಿತು.

ದೊಡ್ಡ ಸ್ಟೆಪ್ ಕೊಟ್ಟಾಗ ಮಾತ್ರ ಡ್ರೈವರ್ ವೋಲ್ಟೇಜಿನ ಮಿತಿ ತಲುಪಿಬಿಡುತ್ತಿತ್ತು, ಲೀಡ್ ಮೊದಲ ಕ್ಷಣದಲ್ಲಿ ಮೂರು ಪಟ್ಟು ಕೇಳುತ್ತದಲ್ವಾ. ಆ ಮಿತಿಯಲ್ಲಿ ಫೇಸ್ ಮಾರ್ಜಿನ್ ಲೆಕ್ಕ ನಡೆಯಲ್ಲ. ಹಾಗಾಗಿ ಗುರಿಯ ಕೋನವನ್ನು ಒಮ್ಮೆಲೇ ಬದಲಿಸದೆ ಸ್ವಲ್ಪಸ್ವಲ್ಪವೇ ಸರಿಸುವ ನಾಲ್ಕು ಸಾಲು ಕೋಡ್ ಸೇರಿಸಿ ಎದ್ದೆವು.