ಲೇಬಲ್ ಬಿಡಿ, ಸ್ಕ್ರೋಲಿನ ಬೆನ್ನು ತೋರಿಸಿ

ಬಳ್ಳಾರಿಯ ನಮ್ಮ ವಾದ್ಯ ರಿಪೇರಿ ಅಂಗಡಿಗೆ ವಾಟ್ಸ್ಆ್ಯಪಿನಲ್ಲಿ ಬರುವ ಪಿಟೀಲಿನ ಫೋಟೊಗಳಲ್ಲಿ ಮುಕ್ಕಾಲು ಪಾಲು ಲೇಬಲಿನವೇ. ಸಿರುಗುಪ್ಪದವರೊಬ್ಬರು ಕಳಿಸಿದ್ದೂ ಅದನ್ನೇ. ಮಗಳಿಗೆ ಅಂತ ಹಳೇ ಪಿಟೀಲು ನೋಡಿದ್ದರು. ಬೆಲೆ 80 ಸಾವಿರ, ಸಂಜೆಯೊಳಗೆ ಅಡ್ವಾನ್ಸ್ ಹಾಕಬೇಕಂತೆ.

"ಸರ, ಒಳಗ ಸ್ಟ್ರಾಡಿವೇರಿಯಸ್, 1721 ಅಂತ ಐತ್ರಿ. ಜರ್ಮನಿ ಅಂತ ಎಲ್ಲೂ ಬರದಿಲ್ಲ. ಇಟಲಿದು ಅಲ್ಲೇನ್ರಿ?"

ಸ್ಟ್ರಾಡಿವೇರಿಯಸ್ ಇಟಲಿಯ ಹೆಸರಾಂತ ಪಿಟೀಲು ತಯಾರಕ, ಆದರೆ ಆ ಚೀಟಿ ಹೇಳುವುದು ಯಾರ ಮಾದರಿ ಎಂಬುದನ್ನು ಮಾತ್ರ. ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಮಾರ್ಕ್‌ನಾಯ್‌ಕಿರ್ಷನ್ ಸುತ್ತಲಿನ ಮನೆಗಳಲ್ಲಿ ಒಬ್ಬರು ಸ್ಕ್ರೋಲ್ ಅಂದರೆ ತಲೆಯ ಸುರುಳಿ, ಇನ್ನೊಬ್ಬರು ಬಾಡಿ ಮಾಡಿ, ಜೋಡಿಸಿದ ಪಿಟೀಲುಗಳಿಗೆ ಇದೇ ಹೆಸರು ಅಂಟಿಸಿ ಲಕ್ಷಗಟ್ಟಲೆ ಕಳಿಸಿದ್ದಾರೆ. ದೇಶದ ಹೆಸರು ಇಲ್ಲ ಅನ್ನುವುದರಿಂದಲೂ ಏನೂ ತೀರ್ಮಾನವಾಗುವುದಿಲ್ಲ. ಅಮೆರಿಕಕ್ಕೆ ಹೋಗುವ ಮಾಲಿಗೆ ಅದು ಕಡ್ಡಾಯವಾದದ್ದು 1891ರಿಂದ. ಅದಕ್ಕೂ ಮೊದಲಿನದಕ್ಕೆ, ಬೇರೆ ಕಡೆ ಹೋದದ್ದಕ್ಕೆ ಅದು ಬೇಕಿರಲಿಲ್ಲ.

ಸ್ಕ್ರೋಲಿನ ಹಿಂಭಾಗ, ಮುಂಭಾಗ ಮತ್ತು ಗದ್ದ ತಾಗುವ ಕಡೆಯ ಅಂಚಿನ ಫೋಟೊ ಕೇಳಿದೆ. ಬಂದದ್ದು ಮಸುಕು. ವಾಟ್ಸ್ಆ್ಯಪ್ ಫೋಟೊವನ್ನು ಹಿಂಡಿಹಾಕುತ್ತದೆ, ನಮಗೆ ಬೇಕಾದ ಗೆರೆಯೇ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಮಾಡಿ ಕಳಿಸಿ ಎಂದೆ. ಅಷ್ಟರಲ್ಲಿ ಮಾರುವವನು ಅವರಿಗೆ ಎರಡು ಸಲ ಫೋನ್ ಮಾಡಿದ್ದ. ನಮ್ಮ ಮಾಲೀಕರು "ಲೇಬಲ್ ಓದಿ ಹೇಳಿ ಕಳಿಸು" ಎನ್ನುತ್ತಿದ್ದರು. ನಾನು ಕಾದೆ.

ಈ ಸಲ ಸ್ಪಷ್ಟವಾಗಿ ಕಂಡಿತು. ಸ್ಕ್ರೋಲಿನ ಬೆನ್ನಿನ ಮೇಲಿಂದ ಎರಡು ಕಾಲುವೆ ಇಳಿಯುತ್ತವಲ್ಲ, ಒಳ್ಳೆಯ ಕೈಕೆಲಸದಲ್ಲಿ ಅವು ಸುರುಳಿಯ ಮುಂದೆ ಸುತ್ತಿ ಕೆಳಗೆ ಅದರ ಗಂಟಲಿನ ಸಂದಿಯವರೆಗೂ ಹೋಗುತ್ತವೆ. ಇಲ್ಲಿ ಗಡಿಯಾರದ ಆರರ ಜಾಗಕ್ಕೇ ನಿಂತಿದ್ದವು. ಉಳಿದ ಮೂಲೆಯಲ್ಲಿ ಉಳಿ ಆಡಿಸಲು ಸಮಯ ಹಿಡಿಯುತ್ತದೆ, ಡಜನ್ ಲೆಕ್ಕದಲ್ಲಿ ಕೂಲಿ ಪಡೆಯುವವನು ಅದನ್ನು ಬಿಟ್ಟುಬಿಡುತ್ತಿದ್ದ. ಅಂಚಿನ ಪರ್ಫ್ಲಿಂಗ್ ನೋಡಿದೆ. ಅದು ಅಂಚಿನ ಉದ್ದಕ್ಕೂ ಗಾಡಿ ಕೊರೆದು ಮೂರು ತೆಳು ಪಟ್ಟಿಗಳನ್ನು ಕೂರಿಸುವ ಕೆಲಸ. ಗದ್ದ ಉಜ್ಜಿ ವಾರ್ನಿಶ್ ಹೋದ ಕಡೆ ಈ ಪಿಟೀಲಿನಲ್ಲಿ ಕಪ್ಪು ಗೆರೆಯೂ ಜೊತೆಗೇ ಹೋಗಿತ್ತು, ಕೆಳಗೆ ಬರೀ ಮರ. ಅಂದರೆ ಬಣ್ಣದಲ್ಲಿ ಎಳೆದ ಗೆರೆ.

ಇವೆರಡೂ ಸೇರಿದರೆ ಹಳೇ ಸ್ಯಾಕ್ಸನಿ ಮಾಲು, ಅದರಲ್ಲೂ ಕೆಳದರ್ಜೆಯದು ಎಂದು ಧೈರ್ಯವಾಗಿ ಹೇಳಬಹುದು. ಮಾಡಿದವನ ಹೆಸರು ಹೇಳಲಾಗದು. ಕೈ ಬದಲಾದಷ್ಟೂ ಹೆಸರಿಗೆ ಜಾಗವೇ ಇರುವುದಿಲ್ಲ.

"ಹಂಗಾದ್ರ ಕೆಟ್ಟದ್ದೇನ್ರಿ?" ಎಂದರು. ಕಲಿಕೆಗೆ ನಡೆಯುತ್ತದೆ. ಆದರೆ 80 ಸಾವಿರಕ್ಕಲ್ಲ. ಮೇಲ್ಹಲಗೆಯಲ್ಲಿ, ಒಳಗೆ ನಿಲ್ಲಿಸಿದ ಕಡ್ಡಿಯಾದ ಸೌಂಡ್ ಪೋಸ್ಟಿನ ಮೇಲೆ ಬಿರುಕಿದೆಯೇ, ಕುತ್ತಿಗೆ ಮುಂದಕ್ಕೆ ಬಾಗಿದೆಯೇ, ಬಿರಡೆ ಹಿಡಿಯುತ್ತದೆಯೇ ಎಂಬುದು ಫೋಟೊದಲ್ಲಿ ಪೂರ್ತಿ ತಿಳಿಯದು. ಅಡ್ವಾನ್ಸ್ ಹಾಕಬೇಡಿ, ವಾದ್ಯವನ್ನೇ ಅಂಗಡಿಗೆ ತರಿಸಿ ಎಂದೆ. ಮಾರುವವನು ತರಲು ಒಪ್ಪಲಿಲ್ಲ, ಇವರು ದುಡ್ಡು ಹಾಕಲಿಲ್ಲ.