ಒಣಗಿದ್ದ ವೀಪ್ ಹೋಲ್‌ಗಳು

ಮೂರು ದಿನ ಎಡೆಬಿಡದೆ ಮಳೆ ಸುರಿದಿತ್ತು. ಆದರೂ ಹಿಂದಿನ ನೀರು ಹೊರಬರಲೆಂದು ತಡೆಗೋಡೆಯಲ್ಲಿ ಪೈಪು ಇಟ್ಟು ಬಿಟ್ಟ ಒಂದೇ ಒಂದು ವೀಪ್ ಹೋಲ್‌ನಿಂದಲೂ ನೀರು ಬರುತ್ತಿರಲಿಲ್ಲ. ಕೊಡೆ ಹಿಡಿದು ಗೋಡೆಯುದ್ದಕ್ಕೂ ನಡೆದು, ಪ್ರತಿ ಪೈಪಿನ ಬಾಯಿಗೂ ಬೆರಳು ತಾಗಿಸಿ ನೋಡಿದ್ದೆ. ಎಲ್ಲವೂ ಒಣಗಿದ್ದವು. ಗೋಡೆಯ ಹಿಂದೆ ನೀರು ನಿಂತಿಲ್ಲ ಎಂದುಕೊಂಡು ಸೈಟ್ ಡೈರಿಯಲ್ಲಿ ಹಾಗೆಯೇ ಬರೆದೆ. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ನಾನು ಬರೆದ ಅತ್ಯಂತ ಕೆಟ್ಟ ಸಾಲು ಅದು.

ಮಂಗಳೂರಿನ ಇಳಿಜಾರು ಜಾಗವೊಂದರಲ್ಲಿ ನಮ್ಮ ಕಟ್ಟಡದ ಕೆಲಸ ನಡೆಯುತ್ತಿತ್ತು. ಮೇಲಿನ ಹಿತ್ತಲಿಗೂ ನಮ್ಮ ಜಾಗಕ್ಕೂ ನಡುವೆ ಹಿಂದಿನ ಬೇಸಿಗೆಯಲ್ಲಿ ನಾವೇ ಕಟ್ಟಿಸಿದ ಕಾಡುಕಲ್ಲಿನ ಗೋಡೆ. ಹದಿನೆಂಟು ಮೀಟರ್ ಉದ್ದ, ಮೂರು ಮೀಟರ್ ಎತ್ತರ, ಬುಡದಲ್ಲಿ 1.2 ಮೀಟರ್ ದಪ್ಪ, ತುದಿಯಲ್ಲಿ 45 ಸೆಂಟಿಮೀಟರ್. ಅದರ ಕೆಳಗೆ, ಎರಡೇ ಮೀಟರ್ ದೂರದಲ್ಲಿ, ನಾಲ್ಕು ತಗಡಿನ ಶೆಡ್‌ಗಳು. ಕೊಪ್ಪಳ, ರಾಯಚೂರು ಕಡೆಯಿಂದ ಬಂದ ಹದಿನಾಲ್ಕು ಮಂದಿ ಅವುಗಳಲ್ಲಿದ್ದರು. ಅವರಲ್ಲಿ ಮೂವರು ಮಕ್ಕಳು.

ಅದೇ ದಿನ ಮೇಸ್ತ್ರಿ ಗೋಡೆಯ ಮೂಲೆಯಲ್ಲಿ ಒಂದು ಬಿರುಕನ್ನು ತೋರಿಸಿದರು. ಉದ್ದ ಗೋಡೆ ಅಡ್ಡ ಗೋಡೆಯನ್ನು ಸೇರುವ ಕಡೆ ಅದು ನೆಟ್ಟಗೆ ಮೇಲಿನಿಂದ ಕೆಳಗೆ ಇಳಿದಿತ್ತು. ಬುಡದಲ್ಲಿ ಕೂದಲಿನಷ್ಟು, ತುದಿಯಲ್ಲಿ ನಾಲ್ಕು ಮಿಲಿಮೀಟರ್. ಬಿರುಕು ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ಗೋಡೆಯ ತಲೆ ಹೊರಕ್ಕೆ ವಾಲುತ್ತಿದೆ ಎಂದೇ ಅರ್ಥ. ಒಂದು ತೂಗುಗುಂಡು, ಅದರ ಜೊತೆಗೆ ಹತ್ತು ನಿಮಿಷ ಸಾಕಿತ್ತು, ಎಷ್ಟು ವಾಲಿದೆ ಎಂದು ಗೊತ್ತಾಗುತ್ತಿತ್ತು. ನಾನು ಅದನ್ನು ಕಲ್ಲುಗಳ ನಡುವಿನ ಗಾರೆ ಕುಗ್ಗಿದ ಗುರುತೆಂದು ಭಾವಿಸಿ, ಸಿಮೆಂಟ್ ತುಂಬಿಸಲು ಹೇಳಿ, ಸ್ಲ್ಯಾಬ್ ಕಂಬಿ ಪರಿಶೀಲಿಸಲು ಹೊರಟುಹೋದೆ.

ಎರಡು ದಿನದ ನಂತರ, ಸಂಜೆ ನಾಲ್ಕರ ಸುಮಾರಿಗೆ, ಶೆಡ್‌ನ ಒಬ್ಬ ಹೆಂಗಸು ಮಳೆಯಲ್ಲಿಯೇ ಕಚೇರಿಯ ಬಾಗಿಲಿಗೆ ಬಂದರು. "ಸಾಹೇಬರೇ, ಒಲೆ ಹತ್ತಿರ ನೆಲದೊಳಗಿಂದ ನೀರು ಏಳುತ್ತಿದೆ. ಮಾಡಿನ ನೀರಲ್ಲ, ಬಿಳಿ ಕೆಸರು" ಎಂದರು. ಬಿಳಿ ಎಂಬ ಮಾತಿಗೆ ನಾನು ಕುರ್ಚಿಯಿಂದ ಎದ್ದೆ. ನಮ್ಮ ಕರಾವಳಿಯಲ್ಲಿ ಮೇಲೆ ಗಟ್ಟಿಯಾದ ಕೆಂಪು ಮುರಕಲ್ಲು, ಅದರಡಿ ಶೇಡಿ ಮಣ್ಣು. ಬಿಳಿ, ಹಳದಿ, ತಿಳಿಗುಲಾಬಿ ಬಣ್ಣದ ಈ ಮಣ್ಣು ಒಣಗಿದ್ದಾಗ ಗುದ್ದಲಿಗೂ ಜಗ್ಗುವುದಿಲ್ಲ. ನೀರು ಕುಡಿದರೆ ಹಿಟ್ಟಿನಂತೆ ಸಡಿಲವಾಗಿ ಹರಿಯುವ ನೀರಿನ ಜೊತೆ ಹೊರಟುಬಿಡುತ್ತದೆ. ಗೋಡೆಯ ಪಂಚಾಂಗ, ಅಂದರೆ ಅಡಿಪಾಯ, ಕೂತಿದ್ದು ಅದರ ಮೇಲೆಯೇ. ಕೆಸರು ಬಿಳಿಯಾಗಿದ್ದರೆ ಪಂಚಾಂಗದ ಅಡಿಯ ಮಣ್ಣು ಹೊರಗೆ ಬರುತ್ತಿದೆ.

ಓಡಿಹೋಗಿ ಮೊದಲು ನೋಡಿದ್ದು ಮೂಲೆಯನ್ನು. ನಾನು ತುಂಬಿಸಿದ ಸಿಮೆಂಟ್ ಮಧ್ಯಕ್ಕೆ ಸೀಳಿತ್ತು. ತುದಿಯಲ್ಲಿ ನನ್ನ ಮೂರು ಬೆರಳು ಒಳಗೆ ಹೋದವು. ವೀಪ್ ಹೋಲ್‌ಗಳು ಈಗಲೂ ಒಣಗಿಯೇ ಇದ್ದವು. ಅಷ್ಟು ಮಳೆಗೆ ಪೈಪು ಒಣಗಿದೆ ಎಂದರೆ ನೀರಿಗೆ ದಾರಿ ಕಟ್ಟಿದೆ, ಗೋಡೆಯ ಹಿಂದೆ ಕೆರೆಯೇ ನಿಂತಿದೆ ಎಂಬುದು ಆಗ ಹೊಳೆಯಿತು.

ಎಲ್ಲರನ್ನೂ ಹೊರಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಹೆಂಗಸು ಆಗಲೇ ಮಕ್ಕಳನ್ನು ಕಟ್ಟಡದ ನೆಲ ಅಂತಸ್ತಿಗೆ ಕಳುಹಿಸಿದ್ದರು. ಮೇಸ್ತ್ರಿಯನ್ನು ಮೇಲಿನ ಮನೆಗೆ ಅಟ್ಟಿದೆ. ಅಲ್ಲಿದ್ದ ವೃದ್ಧ ದಂಪತಿಯನ್ನು ರಸ್ತೆಯ ಬದಿಯ ಕೋಣೆಗೆ ಸರಿಯಲು ಹೇಳಿಸಿ, ನಾನು ಇಲ್ಲಿ ತಲೆ ಎಣಿಸಿದೆ. ಹದಿಮೂರು. ಮತ್ತೆ ಎಣಿಸಿದೆ. ಅಷ್ಟರಲ್ಲಿ ಒಬ್ಬ ಹುಡುಗ ಆಧಾರ್ ಕಾರ್ಡು ಮತ್ತು ಸಂಬಳದ ಹಣ ಇದ್ದ ಪೆಟ್ಟಿಗೆ ತರಲು ಹಿಂದಿರುಗಿದ್ದ. ಕೂಗಿದೆ. ಅವನು ಬಾಗಿಲಿನಿಂದ ಹೊರಗೆ ಕಾಲಿಟ್ಟಾಗ ಗೋಡೆ ಬಿತ್ತು. ದೊಡ್ಡ ಸದ್ದೇನೂ ಇರಲಿಲ್ಲ, ಲಾರಿಯಿಂದ ಜಲ್ಲಿ ಸುರಿದ ಹಾಗೆ. ಹನ್ನೊಂದು ಮೀಟರ್ ಗೋಡೆ, ಅದರ ಹಿಂದಿನ ಮಣ್ಣು, ಎರಡು ಶೆಡ್. ಅವನ ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ಪೆಟ್ಟಿಗೆ ಕೈಯಲ್ಲೇ ಇತ್ತು.

ಅವನನ್ನು ಎಳೆದು ತಂದ ಮೇಲೆ ಜೆಸಿಬಿಯವನು ಕಲ್ಲು ತೆಗೆಯಲು ಮುಂದಾದ. ಆಡಳಿತ ವಿಭಾಗದಿಂದಲೂ ಬೇಗ ಜಾಗ ತೆರವು ಮಾಡಿ ಎಂದು ಫೋನ್ ಬಂತು. ನಾನು ಒಪ್ಪಲಿಲ್ಲ. ಕುಸಿದ ರಾಶಿಯೇ ಆ ಹೊತ್ತಿನಲ್ಲಿ ಉಳಿದ ಧರೆಗೆ ಆಸರೆ. ಕೆಳಗೆ ಯಾರೂ ಸಿಲುಕಿಲ್ಲ ಎಂದು ಖಚಿತವಾದ ಮೇಲೆ ಅದರ ಬುಡ ಕೆದಕುವುದು ಎರಡನೇ ಕುಸಿತಕ್ಕೆ ದಾರಿ. ಮೇಲಿನ ಅಂಗಳದಲ್ಲಿ ಅಂಚಿನಿಂದ ಒಂದೂವರೆ ಮೀಟರ್ ಹಿಂದೆ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಅದನ್ನು ಟಾರ್ಪಾಲಿನಿಂದ ಮುಚ್ಚಿಸಿ, ಮಳೆನೀರನ್ನು ರಸ್ತೆಯ ಚರಂಡಿಗೆ ತಿರುಗಿಸಿ, ರಾಶಿಯ ಬುಡಕ್ಕೆ ಮರಳು ಚೀಲ ಪೇರಿಸಿದೆವು. ವೃದ್ಧ ದಂಪತಿ ಆ ರಾತ್ರಿಯೇ ಮಗಳ ಮನೆಗೆ ಹೋದರು.

ಮಳೆ ನಿಂತ ಮೇಲೆ ಬಗೆದು ನೋಡಿದಾಗ ಎಲ್ಲವೂ ಕಣ್ಣಿಗೆ ಬಿತ್ತು. ನಕ್ಷೆಯಲ್ಲಿ ಗೋಡೆಯ ಬೆನ್ನಿಗೆ 30 ಸೆಂಟಿಮೀಟರ್ ದಪ್ಪಕ್ಕೆ 40 ಎಂಎಂ ಜಲ್ಲಿ ತುಂಬಬೇಕೆಂದಿತ್ತು. ಕಣ್ಣಿಗೆ ಕಾಣದ ಕೆಲಸವೆಂದು ಅಂದಾಜುಪಟ್ಟಿಯಿಂದ ಅದನ್ನು ಕಡಿತ ಮಾಡಿ, ಅಗೆದ ಶೇಡಿ ಮಣ್ಣನ್ನೇ ತುಂಬಲಾಗಿತ್ತು. ಆ ಮಣ್ಣು ಪೈಪುಗಳೊಳಗೆ ಇಳಿದು ಬೆಣ್ಣೆಯಂತೆ ಅಂಟಿಕೊಂಡಿತ್ತು. ಮೇಲಿನ ಮನೆಯ ಮಾಡಿನ ನೀರಿನ ಪೈಪು ನೇರವಾಗಿ ಗೋಡೆಯ ಹಿಂದೆಯೇ ಬೀಳುತ್ತಿತ್ತು. ಜೊತೆಗೆ ನಮ್ಮವರೇ ಗೋಡೆಯ ಮುಂದೆ, ಬುಡಕ್ಕೆ ತಾಗಿ, ಎರಡಡಿ ಆಳದ ಚರಂಡಿ ತೋಡಿದ್ದರು. ಗೋಡೆ ಮುಂದಕ್ಕೆ ಜಾರದಂತೆ ಹಿಡಿದಿದ್ದ ಮಣ್ಣು ಅಲ್ಲಿಗೆ ಹೋಯಿತು.

ವರದಿಯಲ್ಲಿ ಕಾರಣದ ಜಾಗದಲ್ಲಿ "ಅಸಾಧಾರಣ ಮಳೆ" ಎಂದು ಬರೆಯಲು ನನಗೆ ಸೂಚನೆ ಬಂತು. ಜುಲೈ ತಿಂಗಳ ಮಂಗಳೂರಿನಲ್ಲಿ ಮಳೆಯನ್ನು ಅಸಾಧಾರಣ ಎನ್ನಲು ನನ್ನ ಕೈ ಬರಲಿಲ್ಲ. ಬದಲಿಗೆ ಲೆಕ್ಕ ಬರೆದೆ. ಮೂರು ಮೀಟರ್ ಎತ್ತರದ ಒಣ ಮಣ್ಣು ಗೋಡೆಯ ಪ್ರತಿ ಮೀಟರ್ ಉದ್ದವನ್ನು ಸುಮಾರು 2.7 ಟನ್ ಬಲದಿಂದ ತಳ್ಳುತ್ತದೆ. ಅದನ್ನು ತಡೆದು ಉರುಳದೆ ನಿಲ್ಲಲು ಬೇಕಾದದ್ದಕ್ಕಿಂತ ಒಂದೂವರೆ ಪಟ್ಟು ತೂಕ ನಮ್ಮ ಗೋಡೆಗಿತ್ತು. ಅದೇ ಮಣ್ಣಿನಲ್ಲಿ ತುದಿಯವರೆಗೆ ನೀರು ನಿಂತರೆ ತಳ್ಳುವ ಬಲ 5.8 ಟನ್‌ಗೆ ಏರುತ್ತದೆ. ಅದರಲ್ಲಿ 4.5 ಟನ್ ಬರೀ ನೀರಿನದು. ಕಲ್ಲಿನ ಗುಣಮಟ್ಟ, ಗಾರೆಯ ಪಾಕ ಯಾವುದೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕಡಿತವಾದ ಆ ಜಲ್ಲಿ ಇದ್ದಿದ್ದರೆ ನೀರು ಬುಡಕ್ಕಿಳಿದು ಪೈಪಿನಿಂದ ಹೊರಬೀಳುತ್ತಿತ್ತು, ಗೋಡೆ ಇಂದಿಗೂ ನಿಂತಿರುತ್ತಿತ್ತು.

ವರದಿಯಲ್ಲಿ ಗೋಡೆಯ ರಚನೆ, ಮಣ್ಣು ಎಂಬ ಎರಡು ಭಾಗಗಳಿಗೆ ಯಾರೂ ತಕರಾರು ತೆಗೆಯಲಿಲ್ಲ. ತಕರಾರು ಬಂದದ್ದು ಮೂರನೆಯದಕ್ಕೆ. ಸುತ್ತಲಿನ ಜನರ ಕುರಿತು "ಪ್ರಾಣಹಾನಿ ಇಲ್ಲ" ಎಂಬ ಒಂದು ಸಾಲು ಸಾಕು ಎಂದರು. 2019ರ ಜೂನ್ 29ರಂದು ಪುಣೆಯ ಕೊಂಢ್ವಾದಲ್ಲಿ ಮಳೆಗೆ ಆವರಣ ಗೋಡೆಯೊಂದು ಕೆಳಗಿನ ಕಾರ್ಮಿಕರ ಶೆಡ್‌ಗಳ ಮೇಲೆ ಬಿದ್ದು 15 ಜನ ಸತ್ತರು. ಅದು ನಡೆದದ್ದು ನಡುರಾತ್ರಿಯ ಹೊತ್ತಿಗೆ, ಎಲ್ಲರೂ ಮಲಗಿದ್ದಾಗ. ನಮ್ಮದು ಬಿದ್ದದ್ದು ಹಗಲಿನಲ್ಲಿ. ಒಲೆ ಹಚ್ಚಲು ಕೂತವರು ಕೆಸರನ್ನು ಕಂಡ ಕಾರಣಕ್ಕೆ ಎಲ್ಲರೂ ಉಳಿದರು. ಆದ್ದರಿಂದ ನಾನು ಯಾರು ಎಲ್ಲಿ ಮಲಗುತ್ತಿದ್ದರು, ಯಾವ ಶೆಡ್ ಗೋಡೆಯಿಂದ ಎಷ್ಟು ದೂರವಿತ್ತು ಎಂದು ಒಂದೂವರೆ ಪುಟ ಬರೆದೆ. ಗೋಡೆಯ ಎತ್ತರದ ಎರಡು ಪಟ್ಟು ದೂರದೊಳಗೆ ಯಾರನ್ನೂ ಮಲಗಿಸಬಾರದೆಂದು ಶಿಫಾರಸು ಮಾಡಿದೆ.

ಆಸ್ಪತ್ರೆಯಲ್ಲಿ ಆ ಹುಡುಗನ ಅಕ್ಕ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ಜಾಗ ಇತ್ತಲ್ಲ, ಶೆಡ್ ಗೋಡೆಯ ಕೆಳಗೇ ಯಾಕೆ ಹಾಕಿಸಿದಿರಿ?" ಗಾಳಿಗೆ ಮರೆ ಇತ್ತು, ಲಾರಿ ತಿರುಗಲು ಉಳಿದ ಜಾಗ ಬೇಕಿತ್ತು. ಶೆಡ್‌ಗಳ ಜಾಗ ಗುರುತು ಮಾಡಿದ ಆ ನಕ್ಷೆಯನ್ನು ವರದಿಯ ಕೊನೆಯ ಹಾಳೆಯಾಗಿ ಲಗತ್ತಿಸಿದ್ದೇನೆ. ಅದರ ಕೆಳಗಿರುವ ಸಹಿ ನನ್ನದು.