ಎಂಟು ಮೂಲೆಯ ನಕ್ಷತ್ರದ ಹೆಣಿಗೆ: ಮೂರು ಹಾಳೆಗಳ ಕೆಲಸದ ಟಿಪ್ಪಣಿ

ಹಾಳೆ 1: ನಡುಗೆರೆಗಳು

ಅಡ್ಡಗೆರೆಯ ಮೇಲೆ ಕೇಂದ್ರ ಗುರುತಿಸಿ 40 ಮಿ.ಮೀ. ತ್ರಿಜ್ಯದ ವೃತ್ತ ಬರೆದದ್ದಾಯಿತು. ಕೈವಾರವನ್ನು ಸುಮಾರು 57 ಮಿ.ಮೀ.ಗೆ ಅಗಲಿಸಿ, ವ್ಯಾಸದ ಎರಡು ತುದಿಗಳಿಂದ ಕಂಸ ಹಾಕಿದರೆ ಲಂಬಗೆರೆ ಸಿಗುತ್ತದೆ. ಈ ಅಗಲಕ್ಕೆ ಕಂಸಗಳು ಒಂದನ್ನೊಂದು ನೇರವಾಗಿ ಕತ್ತರಿಸುತ್ತವೆ. 42ಕ್ಕೆ ಇಟ್ಟರೆ ಸವರಿಕೊಂಡು ಹೋಗುತ್ತವೆ, ಬಿಂದು ಎಲ್ಲಿದೆಯೆಂದೇ ತಿಳಿಯದು. ಕೋನಗಳನ್ನು ಮತ್ತೊಮ್ಮೆ ಅರ್ಧಿಸಿದರೆ ವೃತ್ತದ ಮೇಲೆ ಎಂಟು ಬಿಂದುಗಳು. ಒಂದು ಬಿಟ್ಟು ಒಂದನ್ನು ಸೇರಿಸಿದಾಗ ಎರಡು ಚೌಕಗಳು ಒಂದರ ಮೇಲೊಂದು ಕೂರುತ್ತವೆ. ಒಳಗೆ ಅವು ಕತ್ತರಿಸುವ ಎಂಟು ಜಾಗಗಳೂ ಕೇಂದ್ರದಿಂದ 30.6 ಮಿ.ಮೀ. ದೂರದ ಒಂದೇ ವೃತ್ತದ ಮೇಲೆ ಬರಬೇಕು. ಒಂದು ತಪ್ಪಿದರೂ ಮುಂದುವರಿಯದೆ ಬಿಂದುಗಳನ್ನು ಸರಿಪಡಿಸಿಕೊಳ್ಳಿ.

ಒಂದು ನಕ್ಷತ್ರಕ್ಕೆ ಒಂದು ಮನೆ. ಪಕ್ಕದ ಮನೆಯ ಕೇಂದ್ರ 80 ಮಿ.ಮೀ. ಆಚೆ. ಓರೆ ನಿಂತ ಚೌಕದ ಗೆರೆಗಳು ನೇರವಾಗಿ ಪಕ್ಕದ ಮನೆಗೆ ದಾಟುತ್ತವೆ. ನೆಟ್ಟಗೆ ನಿಂತ ಚೌಕ ಮಾತ್ರ ಮುಚ್ಚಿದ ಉಂಗುರ. ಇರಾನಿನ ಕಾಶಾನ್‌ನ 13ನೇ ಶತಮಾನದ ನಕ್ಷತ್ರ-ಶಿಲುಬೆ ಟೈಲ್‌ಗಳು ಇದೇ ಜಾಲದ ಹೊರಗೆರೆ. ಅಲ್ಲಿ ಟೈಲಿನ ಅಂಚೇ ಗೆರೆ, ಹೆಣಿಗೆ ಬೇಕಿಲ್ಲ.

ಹಾಳೆ 2: ಗೆರೆಯನ್ನು ಅಗಲದ ಪಟ್ಟಿಯಾಗಿಸುವುದು

ಹೆಚ್ಚಿನವರು ಎಡವುವುದು ಇಲ್ಲೇ. 6 ಮಿ.ಮೀ. ಪಟ್ಟಿ ಬೇಕೆಂದು ಅದೇ ಕೇಂದ್ರದಿಂದ 43 ಮತ್ತು 37ರ ವೃತ್ತ ಬರೆದು ಚೌಕ ಕಟ್ಟಿದರೆ ಪಟ್ಟಿ 4.2 ಮಿ.ಮೀ.ಗೇ ನಿಲ್ಲುತ್ತದೆ. ಕಾರಣ ಸರಳ: ವೃತ್ತದ ಅಳತೆ ಚೌಕದ ಮೂಲೆಗೆ ಹೋಗುತ್ತದೆ, ಪಟ್ಟಿಯ ಅಗಲವನ್ನು ಅಳೆಯುವುದು ಬದಿಗೆ ಲಂಬವಾಗಿ. ಹಾಳೆಯ ಅಂಚಿನಲ್ಲಿ 3 ಮಿ.ಮೀ. ಚೌಕ ಬರೆದು ಅದರ ಕರ್ಣವನ್ನು ಕೈವಾರಕ್ಕೆ ತೆಗೆದುಕೊಳ್ಳಿ. ಅದು 4.24. ಅಷ್ಟನ್ನು 40ಕ್ಕೆ ಕೂಡಿಸಿ, ಕಳೆದು ಎರಡು ವೃತ್ತ ಬರೆದು, ಮೊದಲಿನಂತೆಯೇ ಬಿಂದುಗಳನ್ನು ಸೇರಿಸಿದರೆ ಪಟ್ಟಿಯ ಎರಡೂ ಅಂಚು ಸಿಗುತ್ತವೆ. ಸಮಾಂತರ ಗೆರೆಗಳನ್ನು ಒಂದೊಂದಾಗಿ ಎಳೆಯುವ ಗೋಜಿಲ್ಲ.

ಒಂದು ಮನೆಯ ಪಟ್ಟಿಯ ಹೊರ ಅಂಚು ಪಕ್ಕದ ಮನೆಯ ಒಳ ಅಂಚೇ ಆಗಬೇಕು. ಜೋಡಿಗೆರೆ ಕಂಡರೆ ಕೇಂದ್ರಗಳ ನಡುವಿನ ದೂರ ತಪ್ಪಿದೆ ಎಂದರ್ಥ. ಅಗಲಕ್ಕೂ ಮಿತಿಯಿದೆ: 9.7 ಮಿ.ಮೀ. ಮುಟ್ಟಿದರೆ ನಕ್ಷತ್ರದ ತುದಿಯ ಪುಟ್ಟ ತ್ರಿಕೋನಗಳು ಮುಚ್ಚಿಹೋಗುತ್ತವೆ. 6 ಹಿತವಾಗಿದೆ.

ಹಾಳೆ 3: ಮೇಲೆ, ಕೆಳಗೆ

ಯಾವುದಾದರೂ ಒಂದು ಪಟ್ಟಿ ಹಿಡಿದು, ಅದು ಎದುರಿಸುವ ಪ್ರತಿ ದಾಟಿನಲ್ಲಿ ಮೇಲೆ, ಕೆಳಗೆ, ಮೇಲೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋಗಿ. ಮೇಲಿನ ಪಟ್ಟಿಯ ಅಂಚುಗಳು ಅಖಂಡ, ಕೆಳಗಿನದರ ಅಂಚುಗಳು ಅಲ್ಲಿ ಕಡಿಯುತ್ತವೆ. ಪ್ರತಿ ಜಾಗದಲ್ಲಿ ಎರಡೇ ಪಟ್ಟಿ ದಾಟುವುದರಿಂದ ಸರದಿ ತಾನಾಗಿ ಕೂಡಿಬರುತ್ತದೆ. ಸಿಕ್ಕುಬಿದ್ದರೆ ಒಂದು ದಾಟು ಎಣಿಕೆಗೆ ತಪ್ಪಿದೆ, ಸಾಮಾನ್ಯವಾಗಿ ಎರಡು ಮನೆಗಳ ಗಡಿಯಲ್ಲಿರುವುದು.

ಒಂದು ಮನೆ ಮುಗಿದರೆ ಅದನ್ನೇ ಟ್ರೇಸಿಂಗ್ ಪೇಪರ್‌ನಲ್ಲಿ ಸರಿಸುತ್ತಾ ಹೋಗಬಹುದು, ಹಾಳೆಯನ್ನು ಮಗುಚಬಾರದು. ನಡುಗೆರೆಗಳಿಗೆ ಮಗುಚಿದರೂ ವ್ಯತ್ಯಾಸವಿಲ್ಲ, ಆದರೆ ಹೆಣಿಗೆಗೆ ಎಡಗೈ ಬಲಗೈ ಭೇದವಿದೆ: ಮಗುಚಿದ ಮನೆಯಲ್ಲಿ ಮೇಲಿನದು ಕೆಳಗಾಗಿ, ಗಡಿಯ ದಾಟಿನಲ್ಲಿ ಅರ್ಧ ಪಟ್ಟಿ ಮೇಲೆ, ಇನ್ನರ್ಧ ಕೆಳಗೆ ಉಳಿಯುತ್ತದೆ. ಶಾಯಿ ಹಾಕುವ ಮೊದಲು ನಾಲ್ಕು ಮನೆ ಕೂಡಿಸಿ ಗಡಿಯ ನಾಲ್ಕೂ ದಾಟುಗಳನ್ನು ನೋಡಿಕೊಂಡದ್ದಾಗಿದೆ. ಇನ್ನು ಶಾಯಿ.